ಎಳೆ ಸಸಿಗಳ ರಾತ್ರಿ ವೈರಿ: ಬಸವನಹುಳು

ಮುಂಗಾರು ಹಿಡಿದ ಮೇಲೆ ನಮ್ಮ ಕೃಷಿ ಹಾಗೂ ಕೈತೋಟದ ಕಾರ್ಯಕ್ರಮಗಳಿಗೆ ಬರುವ ಪತ್ರಗಳಲ್ಲಿ ಒಂದು ದೂರು ತಪ್ಪದೆ ಇರುತ್ತದೆ. "ಬೀಜ ಚೆನ್ನಾಗಿ ಮೊಳೆತಿತ್ತು, ಬೆಳಿಗ್ಗೆ ಎದ್ದು ನೋಡಿದರೆ ಬರೀ ಕಡ್ಡಿ ನಿಂತಿದೆ. ಯಾವ ಔಷಧ ಹಾಕಬೇಕು?" ಔಷಧದ ಹೆಸರನ್ನು ಹೇಳಿಬಿಡುವುದು ಸುಲಭ. ಆದರೆ ನಾನು ಅದನ್ನು ಹೇಳುವುದಿಲ್ಲ. ಕಾರಣ ನನ್ನ ಮನೆಯ ಹಿತ್ತಲಲ್ಲೇ ನಡೆದ ಒಂದು ಪ್ರಸಂಗ.

ನಮ್ಮದು ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆ. ಹಿಂದೆ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮಣ್ಣಿನ ಜಾಗವಿದೆ. ಕೆಲವು ವರ್ಷಗಳ ಹಿಂದೆ ಬಸವನಹುಳುಗಳ ಕಾಟ ತಡೆಯಲಾರದೆ ಅಂಗಡಿಯಿಂದ ಗುಳಿಗೆ ತಂದು ಪಾತಿಯ ಸುತ್ತ ಉದುರಿಸಿದೆ. ಹುಳುಗಳೇನೋ ಸತ್ತವು. ಆದರೆ ಪಕ್ಕದ ಮನೆಯ ನಾಯಿಯೂ ಅದನ್ನು ತಿಂದು, ನಡುಕ ಹತ್ತಿ ನೆಲಕ್ಕೆ ಬಿತ್ತು. ಪಶುವೈದ್ಯರು ಆ ರಾತ್ರಿಯೆಲ್ಲ ಶ್ರಮಿಸಿ ಅದನ್ನು ಉಳಿಸಿದರು. ಆ ಗುಳಿಗೆಯಲ್ಲಿದ್ದದ್ದು ಮೆಟಾಲ್ಡಿಹೈಡ್. ಹುಳುವನ್ನು ಸೆಳೆಯಲೆಂದು ಅದಕ್ಕೆ ಹಿಟ್ಟಿನಂಥ ತಿನಿಸನ್ನು ಬೆರೆಸಿರುತ್ತಾರೆ. ಆ ರುಚಿ ನಾಯಿಗೂ ಹಿಡಿಸುತ್ತದೆ. ಎರಡು ವರ್ಷದ ಮಗು ಓಡಾಡುವ ಮನೆಯಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ, ಅಂದೇ ಆ ಡಬ್ಬಿಯನ್ನು ನಿಲ್ಲಿಸಿದೆ.

ಮೊದಲು ವೈರಿಯನ್ನು ಗುರುತಿಸೋಣ. ಸಸಿ ಕಡಿದದ್ದೆಲ್ಲ ಬಸವನಹುಳುವಿನ ಕೆಲಸವಲ್ಲ. ಬುಡದಲ್ಲಿ ಕತ್ತರಿಸಿದಂತೆ ಸಸಿ ಉರುಳಿ ಬಿದ್ದಿದ್ದು, ಹತ್ತಿರದ ಮಣ್ಣು ಕೆದಕಿದಾಗ ಬೂದುಬಣ್ಣದ ಹುಳು ಸುರುಳಿ ಸುತ್ತಿ ಮಲಗಿದ್ದರೆ ಅದು ಪತಂಗದ ಮರಿಹುಳು. ಬಸವನಹುಳು ಹಾಗೆ ಕತ್ತರಿಸುವುದಿಲ್ಲ, ಹೆರೆಯುತ್ತದೆ. ಅದರ ನಾಲಿಗೆಯ ಮೇಲೆ ಅರದಂತೆ ಸಾಲುಸಾಲಾಗಿ ಸಾವಿರಾರು ಸೂಕ್ಷ್ಮ ಹಲ್ಲುಗಳಿವೆ. ಆದ್ದರಿಂದ ಎಲೆಯಲ್ಲಿ ಅಂಚು ಹರಿದ ತೂತುಗಳು ಬೀಳುತ್ತವೆ. ಎಲ್ಲಕ್ಕಿಂತ ಖಚಿತವಾದ ಗುರುತು, ಮಣ್ಣಿನ ಮೇಲೂ ಎಲೆಯ ಮೇಲೂ ಒಣಗಿ ಬೆಳ್ಳಗೆ ಹೊಳೆಯುವ ಲೋಳೆಯ ಗೆರೆ. ಚಿಪ್ಪಿಲ್ಲದ ಬಸವನಹುಳು, ನಮ್ಮಲ್ಲಿ ಅನೇಕರು ಸಿಂಬಳದ ಹುಳು ಎನ್ನುವುದು, ಇದೇ ಜಾತಿಯ ಬಂಧು. ಅದೂ ಇದೇ ಗೆರೆಯನ್ನು ಬಿಡುತ್ತದೆ.

ನಮ್ಮ ತೋಟಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಆಫ್ರಿಕಾದ ದೈತ್ಯ ಬಸವನಹುಳು. ಇದು ಈ ನೆಲದ್ದಲ್ಲ. 1847ರಲ್ಲಿ ಬೆನ್ಸನ್ ಎಂಬ ಆಂಗ್ಲ ಅಧಿಕಾರಿ ಮಾರಿಷಸ್‌ನಿಂದ ಇದನ್ನು ಕಲ್ಕತ್ತೆಗೆ ತಂದ. ಅಲ್ಲಿಂದ ಅದು ದೇಶದ ಉದ್ದಗಲಕ್ಕೆ ಹರಡಿತು. ಇದರಲ್ಲಿ ಗಂಡು ಹೆಣ್ಣು ಬೇರೆಯಿಲ್ಲ. ಪ್ರತಿಯೊಂದರಲ್ಲೂ ಎರಡೂ ಅಂಗಗಳಿದ್ದು, ಪ್ರತಿಯೊಂದೂ ಮೊಟ್ಟೆಯಿಡಬಲ್ಲದು. ಒಮ್ಮೆಗೆ ನೂರಕ್ಕೂ ಮೀರಿ ಮೊಟ್ಟೆಗಳನ್ನು ಮೇಲ್ಮಣ್ಣಿನಲ್ಲಿ ಹೂತಿಡುತ್ತದೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ತೆಳುವಾದ ಮುಚ್ಚಳ ಕಟ್ಟಿಕೊಂಡು, ಕಾಂಪೌಂಡಿನ ಸಂದಿನಲ್ಲೋ ಇಟ್ಟಿಗೆ ರಾಶಿಯ ಅಡಿಯಲ್ಲೋ ತಿಂಗಳುಗಟ್ಟಲೆ ಮಲಗುತ್ತದೆ. ಮೊದಲ ಮಳೆಗೆ ಎದ್ದು ಬರುತ್ತದೆ. ನಾವು ಬೀಜ ಬಿತ್ತುವುದೂ ಅದೇ ಹೊತ್ತಿಗೆ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಬಸವನಹುಳು ಬೆಳೆದ ಗಿಡದ ನಾಲ್ಕು ಎಲೆ ತಿಂದರೆ ಗಿಡ ಸಾಯುವುದಿಲ್ಲ. ಆದರೆ ಬೀನ್ಸ್ ಅಥವಾ ಅವರೆ ಮೊಳೆಯುವಾಗ ಬೇಳೆಗಳೇ ನೆಲದ ಮೇಲೆ ಬರುತ್ತವೆ. ಅವುಗಳ ನಡುವೆ ಇರುವ ಕುಡಿ ಮತ್ತು ಬೇಳೆಗಳನ್ನು ತಿಂದುಬಿಟ್ಟರೆ ಆ ಸಸಿಯ ಕಥೆ ಮುಗಿಯಿತು. ತೊಗರಿ, ಬಟಾಣಿಗಳ ಬೇಳೆ ಮಣ್ಣಿನೊಳಗೇ ಉಳಿಯುವುದರಿಂದ ಅವು ಮತ್ತೆ ಚಿಗುರುವ ಸಾಧ್ಯತೆಯುಂಟು. ಅಂದರೆ ನಾವು ಕಾಯಬೇಕಾದದ್ದು ಇಡೀ ಮಳೆಗಾಲವನ್ನಲ್ಲ, ಮೊಳಕೆಯೊಡೆದ ಮೊದಲ ಮೂರು ವಾರಗಳನ್ನು. ಈ ಮೂರು ವಾರ ಹುಳುಗಳ ಸಂಖ್ಯೆಯನ್ನು ತಗ್ಗಿಸಿಟ್ಟರೆ ಸಾಕು. ನಿರ್ನಾಮ ಮಾಡಬೇಕಿಲ್ಲ, ಅದು ಆಗುವ ಮಾತೂ ಅಲ್ಲ.

ಇದಕ್ಕೆ ನಾನು ಬಳಸುವ ಮುಖ್ಯ ಉಪಕರಣ ಹಳೆಯ ಗೋಣಿಚೀಲ. ಬಸವನಹುಳುವಿನ ಮೈ ಬೇಗ ಒಣಗುತ್ತದೆ. ಹಗಲಾದೊಡನೆ ಅದು ತಂಪಾದ, ಕತ್ತಲೆಯ ಜಾಗ ಹುಡುಕಲೇಬೇಕು. ಆ ಜಾಗವನ್ನು ನಾವೇ ಒದಗಿಸುವುದು. ಸಂಜೆ ಗೋಣಿಚೀಲವನ್ನು ನೀರಿನಲ್ಲಿ ಅದ್ದಿ, ಎರಡು ಮಡಿಕೆ ಮಾಡಿ, ಪಾತಿಯ ಅಂಚಿನಲ್ಲಿ ಹಾಸಿ. ಅಡಿಯಲ್ಲಿ ಪರಂಗಿ ಹಣ್ಣಿನ ಸಿಪ್ಪೆ ಅಥವಾ ಎಲೆಕೋಸಿನ ಹೊರ ಎಲೆಗಳನ್ನಿಡಿ. ನಮ್ಮ ಹಿತ್ತಲಿನಷ್ಟು ಜಾಗಕ್ಕೆ ನಾಲ್ಕು ಚೀಲ ಸಾಕು. ಬೆಳಿಗ್ಗೆ ಬಿಸಿಲು ಏರುವ ಮೊದಲು ಚೀಲ ಎತ್ತಿ ಹುಳುಗಳನ್ನು ಆರಿಸಿ. ಒಂದು ಎಚ್ಚರಿಕೆ: ಚೀಲ ಹಾಸಿ ಎರಡು ದಿನ ಮರೆತರೆ ಅದು ಬಲೆಯಾಗುವುದಿಲ್ಲ, ಹುಳುಗಳಿಗೆ ಛತ್ರವಾಗುತ್ತದೆ.

ಇದರ ಜೊತೆಗೆ ರಾತ್ರಿ ಎಂಟೂವರೆ, ಒಂಬತ್ತರ ಹೊತ್ತಿಗೆ ಟಾರ್ಚ್ ಹಿಡಿದು ಒಂದು ಸುತ್ತು ಹಾಕಿ. ಮಳೆ ನಿಂತ ರಾತ್ರಿ ಹತ್ತು ನಿಮಿಷದಲ್ಲಿ ಸಿಗುವಷ್ಟು ಹುಳುಗಳು ಹಗಲಿಡೀ ಹುಡುಕಿದರೂ ಸಿಗುವುದಿಲ್ಲ. ಚಿಕ್ಕ ಮರಿಗಳನ್ನು ಬಿಡಬೇಡಿ. ದೊಡ್ಡ ಚಿಪ್ಪು ಕಣ್ಣಿಗೆ ಬೀಳುತ್ತದೆ, ಮೊಳಕೆ ತಿನ್ನುವುದರಲ್ಲಿ ಮರಿಗಳೂ ಹಿಂದೆ ಬೀಳುವುದಿಲ್ಲ.

ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಇಲಿಗಳ ಶ್ವಾಸಕೋಶದಲ್ಲಿ ವಾಸಿಸುವ ಒಂದು ಜಂತುವಿನ ಮರಿಗಳು ಬಸವನಹುಳುವಿನ ದೇಹದಲ್ಲಿ ಬೆಳೆಯುತ್ತವೆ. ಅವು ಮನುಷ್ಯನ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರಬಲ್ಲವು. ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಎತ್ತಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ತೋಟದ ಸೊಪ್ಪನ್ನು ಎಲೆ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆದು, ಬೇಯಿಸಿ ತಿನ್ನಿ. ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ. ಆರಿಸಿದ ಹುಳುಗಳನ್ನು ಬೀದಿಗೆ ಎಸೆದರೆ ರಾತ್ರಿಗೆ ಹಿಂದಿರುಗುತ್ತವೆ. ಬಕೆಟ್ಟಿಗೆ ಹಾಕಿ ಕುದಿಯುವ ನೀರು ಸುರಿದರೆ ತಕ್ಷಣ ಸಾಯುತ್ತವೆ. ನೀರು ಆರಿದ ಮೇಲೆ ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಹೂತುಬಿಡಿ. ಉಪ್ಪನ್ನು ಮಾತ್ರ ಪಾತಿಗೆ ಉದುರಿಸಬೇಡಿ. ನಾನು ಹಾಗೆ ಮಾಡಿ, ಆ ಮೂಲೆಯಲ್ಲಿ ಮುಂದಿನ ಬೆಳೆಯೇ ಏಳಲಿಲ್ಲ.

ಈ ಕ್ರಮದಿಂದ ನನಗೆ ಸಿಕ್ಕ ಫಲವನ್ನು ಹೇಳುತ್ತೇನೆ. ಒಂದು ಜೂನ್ ತಿಂಗಳಲ್ಲಿ ನಲವತ್ತು ಬೀನ್ಸ್ ಬೀಜ ಊರಿದೆ. ಮೂವತ್ತನಾಲ್ಕು ಮೊಳೆತವು. ಮೂರನೆಯ ಬೆಳಿಗ್ಗೆಗೆ ಉಳಿದದ್ದು ಹನ್ನೊಂದು. ಕೂಡಲೇ ಮತ್ತೆ ಬಿತ್ತುವ ಆಸೆಯನ್ನು ತಡೆದು, ಮೊದಲು ಗೋಣಿಚೀಲ ಹಾಸಿದೆ. ದಿನದ ಎಣಿಕೆಯನ್ನು ಕ್ಯಾಲೆಂಡರಿನಲ್ಲಿ ಬರೆದೆ. ಮೊದಲ ದಿನ ನಲವತ್ತೇಳು, ಆಮೇಲೆ ಮೂವತ್ತೊಂಬತ್ತು, ಇಪ್ಪತ್ತೆರಡು, ಹದಿನೆಂಟು, ಒಂಬತ್ತು, ಏಳು. ಎರಡು ದಿನ ಸತತವಾಗಿ ಹತ್ತಕ್ಕಿಂತ ಕಡಿಮೆಯಾದ ಮೇಲೆ ಮತ್ತೆ ನಲವತ್ತು ಬೀಜ ಊರಿದೆ. ಚೀಲ ಹಾಸುವುದನ್ನು ಬಿಡಲಿಲ್ಲ. ಈ ಸಲ ಮೂವತ್ತೈದು ಮೊಳೆತು, ಮೂರನೆಯ ವಾರದ ಕೊನೆಗೆ ಮೂವತ್ತೊಂದು ಗಿಡ ನಿಂತಿದ್ದವು. ಬಿತ್ತನೆಗೆ ಹದ ಯಾವುದು ಎಂಬುದನ್ನು ಆ ಎಣಿಕೆಯೇ ಹೇಳಿತು.

ಬದನೆ, ಟೊಮೆಟೊ, ಚೆಂಡುಹೂವಿನಂತೆ ನಾಟಿ ಮಾಡುವ ಸಸಿಗಳಿಗೆ ಇನ್ನೂ ಸುಲಭದ ದಾರಿಯಿದೆ. ಸಸಿ ತಟ್ಟೆಯನ್ನು ಒಂದು ಸ್ಟೂಲಿನ ಮೇಲಿಟ್ಟು, ಸ್ಟೂಲಿನ ನಾಲ್ಕು ಕಾಲನ್ನೂ ಉಪ್ಪುನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ. ಇರುವೆಗೆ ಹೆದರಿ ಅಡಿಗೆಮನೆಯ ಕಪಾಟಿಗೆ ನಮ್ಮ ಅಜ್ಜಿಯರು ಮಾಡುತ್ತಿದ್ದ ಉಪಾಯವೇ ಇದು. ಮಳೆ ಬಿದ್ದು ಉಪ್ಪು ಸಪ್ಪೆಯಾದರೆ ಸೊಳ್ಳೆ ಮೊಟ್ಟೆಯಿಡುತ್ತದೆ, ಆದ್ದರಿಂದ ವಾರಕ್ಕೆ ಎರಡು ಸಲ ನೀರು ಬದಲಿಸಿ. ಆ ನೀರನ್ನು ಚರಂಡಿಗೆ ಚೆಲ್ಲಿ, ಪಾತಿಗಲ್ಲ. ಸ್ಟೂಲು ಗೋಡೆಗಾಗಲಿ ಬೇರೆ ಗಿಡದ ಕೊಂಬೆಗಾಗಲಿ ತಾಗಬಾರದು. ತಾಗಿದರೆ ಅದೇ ಸೇತುವೆ. ಐದಾರು ಎಲೆ ಬಂದು ಕಾಂಡ ಗಟ್ಟಿಯಾದ ಮೇಲೆ ನೆಲಕ್ಕೆ ಇಳಿಸಿ. ಇಳಿಸಿದ ಮೊದಲ ವಾರ, ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಸಸಿಯ ಮೇಲೆ ಕವಚಿ, ಒಂದು ಅಂಗುಲ ಮಣ್ಣಿಗೆ ಒತ್ತಿ. ಮುಚ್ಚಳ ತೆಗೆದಿರಬೇಕು. ಒಳಗೆ ಹುಳು ಸೇರಿಲ್ಲವೆಂದು ನೋಡಿಕೊಂಡೇ ಒತ್ತಿ.

ಮೊಟ್ಟೆಯ ಸಿಪ್ಪೆ, ಬೂದಿಯ ಬಗ್ಗೆಯೂ ಅನೇಕರು ಕೇಳುತ್ತಾರೆ. ಬೂದಿ ಒಣಗಿರುವಷ್ಟು ಹೊತ್ತು ಮಾತ್ರ ಹುಳುವಿಗೆ ಅಡ್ಡಿ. ಮಳೆಗಾಲದಲ್ಲಿ ಅದರ ಆಯಸ್ಸು ಒಂದು ಹನಿ ಮಳೆಯವರೆಗೆ. ಮೊಟ್ಟೆಸಿಪ್ಪೆ, ತಾಮ್ರದ ಪಟ್ಟಿ ಮುಂತಾದ ಐದು ತಡೆಗಳನ್ನು ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಲೆಟ್ಯೂಸ್ ಗಿಡಗಳ ಮೇಲೆ ಪರೀಕ್ಷಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿತು. ಯಾವುದರಿಂದಲೂ ಹಾನಿ ಗಮನಾರ್ಹವಾಗಿ ತಗ್ಗಲಿಲ್ಲ. ಇನ್ನೊಂದು ಮಾತು. ಬಸವನಹುಳುವಿಗೆ ಚಿಪ್ಪು ಕಟ್ಟಲು ಸುಣ್ಣದ ಅಂಶ ಬೇಕು. ಮೊಟ್ಟೆಸಿಪ್ಪೆಯನ್ನು ಅದೇ ತಿನ್ನುವುದೂ ಉಂಟು.

ನೀರು ಹಾಕುವ ಹೊತ್ತನ್ನು ಬದಲಿಸಿದರೂ ವ್ಯತ್ಯಾಸ ಕಾಣುತ್ತದೆ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಬೆಳಿಗ್ಗೆ ನೀರು ಹಾಕಿ, ಸಂಜೆಗೆ ಮೇಲ್ಮಣ್ಣು ಒಣಗಿರಲಿ. ಒದ್ದೆ ನೆಲದ ಮೇಲೆ ಅದಕ್ಕೆ ಸಂಚಾರ ಸಲೀಸು. ಒಣಮಣ್ಣಿನಲ್ಲಿ ಲೋಳೆ ಬಹಳ ಖರ್ಚಾಗುತ್ತದೆ. ತರಗೆಲೆಯ ಹೊದಿಕೆ ಮಣ್ಣಿಗೆ ಒಳ್ಳೆಯದು ನಿಜ, ಆದರೆ ಸಸಿ ಎಳೆಯದಾಗಿರುವಾಗ ಸುತ್ತ ಒಂದು ಗೇಣು ನೆಲ ಬರಿದಾಗಿರಲಿ. ಮಣ್ಣು ಕೆದಕುವಾಗ ಕಾಳುಮೆಣಸಿನ ಗಾತ್ರದ, ಕೆನೆಬಣ್ಣದ ಮೊಟ್ಟೆಗಳ ಗೊಂಚಲು ಸಿಕ್ಕರೆ ಅದನ್ನೂ ಬಿಸಿನೀರಿಗೆ ಹಾಕಿ. ಒಂದು ಗೊಂಚಲು ಅಂದರೆ ಮುಂದಿನ ತಿಂಗಳ ನೂರು ಹುಳು.

ನೆರವಿಗೆ ಬರುವ ಜೀವಿಗಳೂ ಇವೆ. ಕೆಂಬೂತ ಹಕ್ಕಿ ಈ ದೈತ್ಯ ಹುಳುವನ್ನೂ ಹಿಡಿದು ತಿನ್ನುತ್ತದೆ. ಮಿಂಚುಹುಳುವಿನ ಮರಿಗಳು ಚಿಕ್ಕ ಬಸವನಹುಳುಗಳನ್ನು ಬೇಟೆಯಾಡುತ್ತವೆ. ವಿಷ ಹಾಕದ ತೋಟಕ್ಕೆ ಇವು ತಾವಾಗಿ ಬರುತ್ತವೆ. ಹೊರಗಿನ ಬೇಟೆಗಾರನನ್ನು ತಂದು ಬಿಡುವ ಯೋಚನೆ ಮಾತ್ರ ಬೇಡ. ಹವಾಯಿಯಲ್ಲಿ 1955ರಲ್ಲಿ ದೈತ್ಯ ಬಸವನಹುಳುವನ್ನು ತಿನ್ನಲೆಂದು ಅಮೆರಿಕದ ಮಾಂಸಾಹಾರಿ ಬಸವನಹುಳುವೊಂದನ್ನು ತಂದು ಬಿಟ್ಟರು. ಅದು ಅಲ್ಲಿನ ಮರಗಳ ಮೇಲೆ ವಾಸಿಸುವ ಅಪರೂಪದ ಬಸವನಹುಳುಗಳನ್ನೇ ತಿನ್ನತೊಡಗಿ ಎಷ್ಟೋ ಪ್ರಭೇದಗಳ ಅಳಿವಿಗೆ ಕಾರಣವಾಯಿತು.

ಈ ವಿಧಾನಕ್ಕೆ ಒಂದು ಮಿತಿಯಿದೆ. ಪಕ್ಕದ ಖಾಲಿ ನಿವೇಶನದಲ್ಲಿ ಕಸ, ಇಟ್ಟಿಗೆ ರಾಶಿ ಇದ್ದರೆ ಎಣಿಕೆ ಹತ್ತಕ್ಕೆ ಇಳಿದರೂ ಒಂದು ಜೋರು ಮಳೆಗೆ ಮತ್ತೆ ಮೂವತ್ತಕ್ಕೆ ಏರುತ್ತದೆ. ನಮ್ಮಲ್ಲಿ ಹಾಗೇ ಆಯಿತು. ಆಗ ಪಕ್ಕದ ಮನೆಯ ಯಜಮಾನರೂ ತಮ್ಮ ಕಡೆ ನಾಲ್ಕು ಚೀಲ ಹಾಸಿದರು. ಈಗ ಬೆಳಿಗ್ಗೆ ಕಾಂಪೌಂಡಿನ ಮೇಲಿಂದ "ಇವತ್ತು ನಿಮ್ಮಲ್ಲಿ ಎಷ್ಟು ಸಾರ್?" ಎಂದು ಕೇಳುತ್ತಾರೆ. ಅವರ ನಾಯಿ ಅಲ್ಲೇ ಮಣ್ಣಿನಲ್ಲಿ ಹೊರಳಾಡುತ್ತಿರುತ್ತದೆ. ಈ ಸಂಜೆ ಮಳೆ ನಿಂತ ಮೇಲೆ ನೀವೂ ಒಂದು ಗೋಣಿಚೀಲ ಹಾಸಿ, ನಾಳೆ ಬೆಳಿಗ್ಗೆ ಎಣಿಸಿ ನೋಡಿ.