ಬಾಗಿಲು ಮುಚ್ಚದ ನಿರಾಕರಣೆ

ಹಿರಿಯರಿಂದ ಬಂದ ಭೂಮಿಯ ಮೇಲೆ ಬಿಲ್ಡರ್ ಒಬ್ಬರು ಜಂಟಿ ಅಭಿವೃದ್ಧಿಯ ಪ್ರಸ್ತಾಪವನ್ನಿಟ್ಟರೆ, ಒಪ್ಪುವವರಿಗೆ ಕರಾರು ಬರೆದುಕೊಡಲು ವಕೀಲರಿದ್ದಾರೆ. ಒಪ್ಪದವರ ಕಾಗದವನ್ನು ಸಾಮಾನ್ಯವಾಗಿ ಮನೆಯವರೇ ಬರೆಯಬೇಕಾಗುತ್ತದೆ. ಇಂದು ಆ ಕಾಗದದ ವಿಚಾರವಾಗಿ ನಾಲ್ಕು ಮಾತು.

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯಲ್ಲಿ ಎರಡು ಎಕರೆ ತೆಂಗಿನ ತೋಟವುಳ್ಳ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ತಂದೆತಾಯಿಗಳಿಲ್ಲ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಒಬ್ಬ ಮಗಳು. ಪಹಣಿಯಲ್ಲಿ ಇನ್ನೂ ತಂದೆಯ ಹೆಸರೇ ಇದೆ. ಬಡಾವಣೆಯ ಖರ್ಚು ತಮ್ಮದು, ನಿವೇಶನಗಳಲ್ಲಿ ಅರ್ಧ ನಿಮ್ಮದು ಎಂದು ಬಿಲ್ಡರ್ ಹಿರಿಯ ಮಗನಿಗೆ ಹೇಳುತ್ತಾರೆ.

ಆದರೆ ಹಿರಿಯ ಮಗನೊಬ್ಬನೇ ಉತ್ತರ ಕೊಡುವಂತಿಲ್ಲ. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅದು ಹುಟ್ಟಿನಿಂದಲೇ ಬರುವುದೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ಕಾಗದಕ್ಕೆ ಮೂವರ ರುಜುವೂ ಇರಬೇಕು. ಅದು ಹೀಗಿದ್ದರೆ ಸಾಕು:

“ತಮ್ಮ ಪ್ರಸ್ತಾಪಕ್ಕೆ ಕೃತಜ್ಞರು. ಮೂವರೂ ಕೂಡಿ ಆಲೋಚಿಸಿ, ಅದನ್ನು ಈಗ ಒಪ್ಪುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಪೌತಿ ಖಾತೆಯೂ ವಿಭಾಗವೂ ಇನ್ನೂ ಆಗಿಲ್ಲ. ತೋಟ ಫಲ ಕೊಡುತ್ತಿದೆ. ತಮ್ಮಿಂದ ಮುಂಗಡ ಪಡೆದಿಲ್ಲ, ಯಾರಿಗೂ ಅಧಿಕಾರ ಪತ್ರ ಕೊಟ್ಟಿಲ್ಲ. ದಾಖಲೆಗಳು ಸರಿಯಾದ ಮೇಲೆ ತಾವು ಹೊಸದಾಗಿ ಬರೆದರೆ ಹೊಸದಾಗಿಯೇ ಪರಿಶೀಲಿಸುತ್ತೇವೆ. ಅಲ್ಲಿಯವರೆಗೆ ಯಾವ ಬಾಧ್ಯತೆಯೂ ಉಭಯರಿಗಿಲ್ಲ.”

ಇಲ್ಲಿ ಕೊಟ್ಟಿರುವ ಕಾರಣ ನಿಜವಾದದ್ದು, ಕಾಲ ಕಳೆದಂತೆ ನೀಗಬಹುದಾದದ್ದು. ಮುಂದಿನ ಮಾತಿಗೆ ಎಡೆಯಿರುವುದು ಇದರಿಂದಲೇ. ಮುಂಗಡ ಪಡೆದಿದ್ದರೆ ಆ ವಾಕ್ಯ ಸುಳ್ಳಾಗುತ್ತದೆ. ಆಗ ಹಣವನ್ನು ಕಾಗದದೊಡನೆಯೇ ಹಿಂದಿರುಗಿಸಿ, ಹಾಗೆಂದು ಬರೆಯಬೇಕು.

ಸಾಮಾನ್ಯವಾಗಿ ಎಡವುವುದು ಸೌಜನ್ಯದಲ್ಲಿ. “ತಾತ್ವಿಕವಾಗಿ ಒಪ್ಪಿದ್ದೇವೆ” ಎಂದರೆ ಮುಂದೆ ವ್ಯಾಜ್ಯಕ್ಕೆ ಎಳೆ ಸಿಕ್ಕಂತೆ. “ನೂರಕ್ಕೆ ಅರವತ್ತು ಕೊಟ್ಟರೆ ಆಗಬಹುದು” ಎಂದರೆ ಅದು ನಿರಾಕರಣೆಯಾಗಿ ಉಳಿಯುವುದಿಲ್ಲ, ಪ್ರತಿ ಪ್ರಸ್ತಾಪವೆನಿಸುತ್ತದೆ; ಅವರು “ಸರಿ” ಎಂದುಬಿಟ್ಟರೆ ಒಪ್ಪಂದವೇ ಆಯಿತೆಂಬ ವಾದಕ್ಕೆ ಎಡೆಯಾಗುತ್ತದೆ. ಆದ್ದರಿಂದ ಪಾಲಿನ ಅಂಕೆ, ಅವಧಿಯ ದಿನಾಂಕ ಎರಡೂ ಈ ಕಾಗದದಲ್ಲಿ ಬೇಡ. ಅದನ್ನು ಸ್ವೀಕೃತಿ ದೊರೆಯುವ ಅಂಚೆಯಲ್ಲಿ ಕಳುಹಿಸಿ, ಪ್ರತಿಯೊಂದನ್ನು ಪಹಣಿಯ ಜೊತೆ ಇಟ್ಟುಕೊಳ್ಳಬೇಕು.

ಇಷ್ಟು ಎಚ್ಚರವೇಕೆಂದರೆ, ಮರ ಕಡಿದ ಮೇಲೆ ಬಡಾವಣೆ ಅರ್ಧಕ್ಕೆ ನಿಂತರೆ ತೋಟ ಹಿಂದಿರುಗುವುದಿಲ್ಲ. ಈ ಸೀಮೆಯ ಎತ್ತರದ ತಳಿಯ ಸಸಿ ಫಲ ಹಿಡಿಯಲು ಆರೇಳು ವರ್ಷ ಬೇಕು. ಅದರ ಕಾಯಿ ಅಟ್ಟದ ಮೇಲೆ ಉಂಡೆ ಕೊಬ್ಬರಿಯಾಗಲು ಮತ್ತೆ ಹತ್ತು ಹನ್ನೊಂದು ತಿಂಗಳು ಬೇಕು. ಬಿಲ್ಡರ್ ಮರಳಿ ಬರಬಹುದು, ಬೇರೊಬ್ಬರೂ ಬರಬಹುದು. ಆ ಹೊತ್ತಿಗೆ ಪಹಣಿಯಲ್ಲಿ ಮೂವರ ಹೆಸರೂ ಇದ್ದರೆ, ಮಾತು ಮೂವರೊಡನೆಯೂ ನಡೆಯುತ್ತದೆ.