ಪೆಟ್ಟಿಗೆಯಲ್ಲಿ ಹಿಡಿಸುವಷ್ಟು ದೂರು

(ಮೂಡಿಗೆರೆ ಭಾಗದ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಸರ್ಕಾರದ ಕೆಲಸ ಆಗದಿದ್ದಾಗ ದೂರು ಕೊಡಲು ಈಗ ತಾಲ್ಲೂಕು ಕಚೇರಿಯ ಮೆಟ್ಟಿಲನ್ನೇ ಹತ್ತಬೇಕೆಂದಿಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ 'ಜನಸ್ಪಂದನ' ಎಂಬ ಹೆಸರಿನಲ್ಲಿ ಸಾರ್ವಜನಿಕರ ಕುಂದುಕೊರತೆಯ ವ್ಯವಸ್ಥೆಯೊಂದನ್ನು ಆರಂಭಿಸಿತು. 1902ಕ್ಕೆ ಫೋನ್ ಮಾಡಿಯೂ ಹೇಳಬಹುದು, ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ipgrs.karnataka.gov.in ತೆರೆದು ಬರೆದೂ ಕೊಡಬಹುದು. ಒಂದು ದಿನದ ತೋಟದ ಕೂಲಿ ಬಿಟ್ಟು, ಬಸ್ಸಿಗೆ ಕಾದು ಪೇಟೆಗೆ ಬರುವವರಿಗೆ ಇದು ಸಣ್ಣ ಅನುಕೂಲವೇನಲ್ಲ. ಆದರೆ ಬರೆಯಲು ಕುಳಿತಾಗ ಒಂದು ತೊಡಕು ಬರ್ತದೆ. ಅದರ ಬಗ್ಗೆ ಮಾತ್ರ ಇವತ್ತು ಮಾತಾಡೋಣ.

ಇಂಥ ಪೋರ್ಟಲ್‌ಗಳಲ್ಲಿ ದೂರು ಬರೆಯುವ ಜಾಗ ಒಂದು ಚೌಕದ ಪೆಟ್ಟಿಗೆ. ಅದರಲ್ಲಿ ಇಷ್ಟೇ ಅಕ್ಷರ ಎಂದು ಮಿತಿ ಇರ್ತದೆ. ಮಿತಿ ಎಲ್ಲಾ ಕಡೆ ಒಂದೇ ಅಲ್ಲ. ಕೇಂದ್ರ ಸರ್ಕಾರದ ಮಾಹಿತಿ ಹಕ್ಕು ಅರ್ಜಿಯ ಪೋರ್ಟಲ್‌ನಲ್ಲಿ 3000 ಅಕ್ಷರ, ಇನ್ನು ಕೆಲವು ಕಡೆ ಅದಕ್ಕಿಂತ ಬಹಳ ಕಡಿಮೆ. ಸಾಮಾನ್ಯವಾಗಿ ಪೆಟ್ಟಿಗೆಯ ಕೆಳಗೋ ಪಕ್ಕದಲ್ಲೋ ಒಂದು ಸಂಖ್ಯೆ ಕಾಣ್ತದೆ. ನೀವು ಬರೆದ ಹಾಗೆಲ್ಲ ಅದು ಇಳಿಯುತ್ತಾ ಹೋಗ್ತದೆ. ಸೊನ್ನೆಗೆ ಬಂದ ಮೇಲೆ ಮುಂದಿನ ಅಕ್ಷರ ಮೂಡುವುದಿಲ್ಲ. ಬೇರೆ ಕಡೆ ಬರೆದು ತಂದು ಅಂಟಿಸಿದರಂತೂ ಎಚ್ಚರ ಬೇಕು. ಎಷ್ಟೋ ಸಲ ಮಿತಿಯಷ್ಟು ಮಾತ್ರ ಉಳಿದು, ಬಾಲ ಕತ್ತರಿಸಿ ಹೋಗಿರ್ತದೆ. ಕಳಿಸುವ ಮೊದಲು ಕೊನೆಯ ಸಾಲು ಪೆಟ್ಟಿಗೆಯಲ್ಲಿ ಇದೆಯೇ ಎಂದು ನೋಡಿದರೆ ಇದು ಗೊತ್ತಾಗ್ತದೆ.

ಈಗ ನಾವು ಕಾಗದದ ಅರ್ಜಿ ಬರೆಯುವ ಕ್ರಮವನ್ನು ನೆನಪು ಮಾಡಿಕೊಳ್ಳಿ. 'ಇವರಿಗೆ, ಮಾನ್ಯ ತಹಶೀಲ್ದಾರರು' ಎಂದು ಶುರು. ಆಮೇಲೆ 'ಇವರಿಂದ', ಆಮೇಲೆ 'ಮಾನ್ಯರೇ', ಆಮೇಲೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ'. ನಂತರ ಮನೆಯ ಕಷ್ಟ, ಅಲೆದಾಟ, ಬೇಸರ. ನಮಗೆ ಏನು ಬೇಕು ಎನ್ನುವುದು ಕಟ್ಟಕಡೆಯ ಸಾಲಿನಲ್ಲಿ. ಕಾಗದದಲ್ಲಿ ಇದು ನಡೀತದೆ. ಪೆಟ್ಟಿಗೆಯಲ್ಲಿ ಇದೇ ಕ್ರಮದಲ್ಲಿ ಬರೆದರೆ ಕತ್ತರಿಸಿ ಹೋಗುವುದು ಯಾವುದು? ನಮ್ಮ ಬೇಡಿಕೆಯೇ. ಬಾಲ ಹೋಗದಿದ್ದರೂ, ದಿನಕ್ಕೆ ಎಷ್ಟೋ ದೂರು ಓದುವ ಸಿಬ್ಬಂದಿಗೆ ಮೊದಲ ಎರಡು ಸಾಲಿನಲ್ಲೇ ವಿಷಯ ಸಿಗದಿದ್ದರೆ ದೂರು ಬೇರೆ ಇಲಾಖೆಗೆ ಹೋಗಿ ಬೀಳಬಹುದು. ಆದ್ದರಿಂದ ಮೊದಲ ನಿಯಮ ಇದು: ಕಾಗದದ ಅರ್ಜಿಯನ್ನು ತಲೆಕೆಳಗು ಮಾಡಿ. ಬೇಡಿಕೆ ಮೊದಲು, ಕಥೆ ಆಮೇಲೆ.

ಇನ್ನು ಅಕ್ಷರದ ಲೆಕ್ಕ. ನಾವು ಎಣಿಸುವ ಹಾಗೆ ಕಂಪ್ಯೂಟರ್ ಎಣಿಸುವುದಿಲ್ಲ. 'ಕಳಸ' ಎಂದರೆ ನಮಗೂ ಮೂರು, ಅದಕ್ಕೂ ಮೂರು. ಆದರೆ 'ಮೂಡಿಗೆರೆ' ನಮಗೆ ನಾಲ್ಕು ಅಕ್ಷರ, ಅದಕ್ಕೆ 8. ಯಾಕೆಂದರೆ ಮ ಒಂದು, ಅದರ ಕೊಂಬು ಇನ್ನೊಂದು, ಡ ಒಂದು, ಗುಡಿಸು ಇನ್ನೊಂದು, ಹೀಗೆ. ಒತ್ತಕ್ಷರ ಬಂದರೆ ಇನ್ನೂ ಹೆಚ್ಚು, ಒತ್ತಿಗೂ ಅದನ್ನು ಸೇರಿಸುವ ಗುರುತಿಗೂ ಬೇರೆ ಬೇರೆ ಲೆಕ್ಕ. 'ರಾಷ್ಟ್ರ' ನಮಗೆ ಎರಡೇ ಅಕ್ಷರ, ಕಂಪ್ಯೂಟರಿಗೆ 7. ಎರಡು ಪದಗಳ ನಡುವೆ ಬಿಡುವ ಖಾಲಿ ಜಾಗವೂ ಒಂದು, ಚುಕ್ಕೆಯೂ ಒಂದು. ಒಟ್ಟಿನಲ್ಲಿ ನಮ್ಮ ಎಣಿಕೆಯ ಸುಮಾರು ಎರಡು ಪಟ್ಟು ಎಂದು ಇಟ್ಟುಕೊಳ್ಳಿ. ಪೆಟ್ಟಿಗೆ 1000 ಎಂದು ಹೇಳಿದರೆ ನಮ್ಮ ಲೆಕ್ಕದಲ್ಲಿ ಸುಮಾರು 500 ಅಕ್ಷರ, ಅಂದರೆ ನೂರರ ಆಸುಪಾಸು ಪದ, ನೋಟುಬುಕ್ಕಿನ ಒಂದು ಪುಟವೂ ತುಂಬುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದರೆ ಉಳಿತಾಯ ಆಗ್ತದೆ ಎಂದು ಕೆಲವರು ತಿಳಿದಿದ್ದಾರೆ. ಮೂಡಿಗೆರೆಯನ್ನು ಇಂಗ್ಲಿಷಿನಲ್ಲಿ ಬರೆದರೂ ಎಂಟೇ ಅಕ್ಷರ. ಓದುವವರಿಗೆ ಕಷ್ಟ, ಅಷ್ಟೆ.

ಹಾಗಾದರೆ ಎಲ್ಲಿ ಉಳಿಸುವುದು? 'ತಮ್ಮಲ್ಲಿ ಕಳಕಳಿಯಿಂದ ವಿನಂತಿಸಿಕೊಳ್ಳುತ್ತೇನೆ' ಎಂಬ ಒಂದೇ ವಾಕ್ಯಕ್ಕೆ 39 ಹೋಗ್ತದೆ. ಅದೇ ಜಾಗದಲ್ಲಿ ಒಂದು ತಾರೀಖು, ಒಂದು ಅರ್ಜಿ ಸಂಖ್ಯೆ ಎರಡೂ ಹಿಡಿಸ್ತವೆ. ಮರ್ಯಾದೆ ಬಿಡಿ ಎಂದು ನಾನು ಹೇಳುವುದಿಲ್ಲ, 'ಕೊಡಿಸಿ', 'ತಿಳಿಸಿ' ಎನ್ನುವುದರಲ್ಲೇ ಮರ್ಯಾದೆ ಉಂಟು. ಹೆಸರು, ವಿಳಾಸ, ಮೊಬೈಲ್ ನಂಬರ್ ಬರೆಯಲು ಬೇರೆ ಜಾಗ ಇದ್ದರೆ, ಅದನ್ನೇ ಪುನಃ ಪೆಟ್ಟಿಗೆಯೊಳಗೆ ಬರೆಯಬೇಡಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಿಮ್ಮ ಸಂಘದ ಸದಸ್ಯೆಯ ಅತ್ತೆ, ಎಪ್ಪತ್ತು ದಾಟಿದ ಅಜ್ಜಿ, ಸಂಧ್ಯಾ ಸುರಕ್ಷಾ ಪಿಂಚಣಿ ಪಡೆಯುತ್ತಿದ್ದರು ಎಂದು ಇಟ್ಟುಕೊಳ್ಳಿ. ಐದು ತಿಂಗಳಿಂದ ಹಣ ಬಂದಿಲ್ಲ. ಅಜ್ಜಿಯನ್ನು ಬರೆಯಲು ಕೂರಿಸಿದರೆ ಹೇಗೆ ಹೇಳ್ತಾರೆ? ಯಜಮಾನರು ತೀರಿಕೊಂಡದ್ದು, ಮಗನಿಗೆ ತೋಟದಲ್ಲಿ ಕೆಲಸ ಕಡಿಮೆಯಾದದ್ದು, ಮಳೆಗಾಲದಲ್ಲಿ ಮಾತ್ರೆಗೆ ದುಡ್ಡಿಲ್ಲದ್ದು, ಮೂರು ಸಲ ಬ್ಯಾಂಕಿಗೆ ಹೋಗಿ ಬಂದದ್ದು, ಯಾರೋ ಸರಿಯಾಗಿ ಮಾತಾಡದಿದ್ದದ್ದು. ಎಲ್ಲವೂ ಸತ್ಯ. ಆದರೆ ಈ ಮಾತುಗಳಿಂದ ಕಚೇರಿಯಲ್ಲಿ ಆ ಅಜ್ಜಿಯ ಕಡತವನ್ನು ಹುಡುಕಲು ಆಗುವುದಿಲ್ಲ. ಕಡತ ಹುಡುಕಲು ಬೇಕಾದದ್ದು ಮಂಜೂರಾತಿ ಆದೇಶದ ಸಂಖ್ಯೆ, ನಿಂತ ತಿಂಗಳು, ಊರು, ಹೋಬಳಿ.

ಬರೆಯುವ ಮೊದಲು ಇನ್ನೂ ಒಂದು ಕೆಲಸ ಇದೆ. ಪಿಂಚಣಿ ಹಣ ಆಧಾರ್ ಜೋಡಣೆಯಾದ ಖಾತೆಗೆ ಹೋಗ್ತದೆ. ಒಬ್ಬರಿಗೆ ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಕೊನೆಗೆ ಎಲ್ಲಿ ಜೋಡಣೆ ಮಾಡಿಸಿದ್ದಾರೋ ಆ ಖಾತೆಗೆ ಹೋಗಿ ಕೂತಿರಬಹುದು, ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಓಡಾಡುತ್ತಿರಬಹುದು. ಆದ್ದರಿಂದ ಮೊದಲು ಎರಡೂ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ. ಹಣ ಅಲ್ಲಿ ಸಿಕ್ಕಿದರೆ ದೂರೇ ಬೇಡ. ಸಿಗದಿದ್ದರೆ, ಕೇಳಿ ನೋಡಿದ್ದೇವೆ ಎಂಬುದನ್ನು ದೂರಿನಲ್ಲಿ ಒಂದು ಸಾಲು ಬರೆಯಲೇಬೇಕು. ಆ ಸಾಲು ಇಲ್ಲದಿದ್ದರೆ 'ಆಧಾರ್ ಜೋಡಣೆ ಪರಿಶೀಲಿಸಿಕೊಳ್ಳಿ' ಎಂಬ ಉತ್ತರ ಬಂದು ದೂರು ಮುಗಿಯಬಹುದು. ಕಚೇರಿಯಿಂದ ಯಾವ ಉತ್ತರ ಬರಬಹುದು ಎಂದು ಮೊದಲೇ ಯೋಚಿಸಿ ಅದಕ್ಕೆ ಒಂದು ಸಾಲು ಇಡುವುದು, ಇದು ಎರಡನೆಯ ನಿಯಮ.

ಈಗ ದೂರು ಹೀಗಾಗ್ತದೆ. ಖಾಲಿ ಬಿಟ್ಟ ಕಡೆ ನಿಮ್ಮ ಸಂಖ್ಯೆ ತುಂಬಿ. ತಾರೀಖುಗಳು ಉದಾಹರಣೆಗೆ ಮಾತ್ರ.

'ನನ್ನ ಸಂಧ್ಯಾ ಸುರಕ್ಷಾ ಪಿಂಚಣಿ 2025ರ ಜೂನ್‌ನಿಂದ ಅಕ್ಟೋಬರ್‌ವರೆಗೆ 5 ತಿಂಗಳು ಬಂದಿಲ್ಲ. ಬಾಕಿ ಹಣ ಕೊಡಿಸಿ, ನಿಂತ ಕಾರಣ ತಿಳಿಸಿ. ಮಂಜೂರಾತಿ ಆದೇಶ ಸಂಖ್ಯೆ ....., ದಿನಾಂಕ ...... ಊರು ....., ಹೋಬಳಿ ....., ಮೂಡಿಗೆರೆ ತಾಲ್ಲೂಕು. ಕೊನೆಯ ಕಂತು 12-5-2025ರಂದು ಬಂದಿದೆ. 3-9-2025ರಂದು ಬ್ಯಾಂಕಿನಲ್ಲಿ ವಿಚಾರಿಸಿದೆ: ಖಾತೆ ಚಾಲ್ತಿಯಲ್ಲಿದೆ, ಆಧಾರ್ ಇದೇ ಖಾತೆಗೆ ಜೋಡಣೆಯಾಗಿದೆ. 10-9-2025ರಂದು ನಾಡಕಚೇರಿಗೆ ಅರ್ಜಿ ಕೊಟ್ಟೆ, ಸ್ವೀಕೃತಿ ಸಂಖ್ಯೆ ...... ಉತ್ತರ ಬಂದಿಲ್ಲ. ಲಗತ್ತು: 1. ಆದೇಶ 2. ಪಾಸ್‌ಬುಕ್ ಪುಟ 3. ಸ್ವೀಕೃತಿ.'

ಇದು 1000ದ ಪೆಟ್ಟಿಗೆಯಲ್ಲಿ ಆರಾಮಾಗಿ ಕೂರ್ತದೆ, ಜಾಗವೂ ಉಳೀತದೆ. ಕ್ರಮ ಗಮನಿಸಿ. ಮೊದಲು ತೊಂದರೆ ಮತ್ತು ಬೇಡಿಕೆ. ಎರಡನೆಯದು ಕಡತ ಗುರುತಿಸುವ ಸಂಖ್ಯೆ. ಮೂರನೆಯದು ತಾರೀಖಿನ ಪ್ರಕಾರ ನಾವು ಮಾಡಿದ್ದು. ಕೊನೆಗೆ ಲಗತ್ತು. ಬಾಲ ಕತ್ತರಿಸಿ ಹೋದರೂ ಹೋಗುವುದು ಲಗತ್ತಿನ ಪಟ್ಟಿ ಮಾತ್ರ, ಬೇಡಿಕೆ ಉಳೀತದೆ. 'ಕಾರಣ ತಿಳಿಸಿ' ಎನ್ನುವ ಎರಡು ಪದವನ್ನು ಬಿಡಬೇಡಿ. ಹಣ ತಕ್ಷಣ ಬಾರದಿದ್ದರೂ, ಏನು ಸರಿಪಡಿಸಬೇಕು ಎಂದು ತಿಳಿಯುವುದು ಆ ಪದಗಳಿಂದಲೇ.

ಮೂರನೆಯ ನಿಯಮ, ಒಂದು ದೂರಿನಲ್ಲಿ ಒಂದೇ ವಿಷಯ. ಜಾಗ ಉಳಿದಿದೆ ಎಂದು ರಸ್ತೆಯ ಗುಂಡಿ, ಅಂಗನವಾಡಿಯ ಸೋರುವ ಮಾಡು ಎರಡನ್ನೂ ಸೇರಿಸಿಬಿಡುವ ಆಸೆ ಬರ್ತದೆ. ಪಿಂಚಣಿ ಕಂದಾಯ ಇಲಾಖೆಗೆ ಸೇರಿದ್ದು, ರಸ್ತೆ ಮತ್ತು ಅಂಗನವಾಡಿ ಬೇರೆ ಬೇರೆ ಇಲಾಖೆಗಳಿಗೆ. ದೂರು ಒಂದು ಇಲಾಖೆಗೆ ಹೋಗಿ, ಆ ಒಂದಕ್ಕೆ ಮಾತ್ರ ಉತ್ತರ ಬಂದು ಮುಗಿದರೆ ಉಳಿದವು ಅಲ್ಲೇ ಹೂತುಹೋಗ್ತವೆ. ಹಾಗೆಯೇ ಐದು ಅಜ್ಜಿಯರ ಪಿಂಚಣಿ ನಿಂತಿದ್ದರೆ ಐದು ದೂರು ಕೊಡಿ. ಕಡತ ಐದು, ಕಾರಣವೂ ಐದು ಇರಬಹುದು.

ಟೈಪ್ ಮಾಡುವ ಬಗ್ಗೆ ಒಂದು ಮಾತು. ನಮ್ಮ ಗುಡ್ಡದ ಊರುಗಳಲ್ಲಿ ನೆಟ್‌ವರ್ಕ್ ಬರುವುದು ಹೋಗುವುದು ನಮ್ಮ ಕೈಯಲ್ಲಿಲ್ಲ. ನೇರವಾಗಿ ಪೆಟ್ಟಿಗೆಯಲ್ಲಿ ಬರೆಯುತ್ತಾ ಕೂತರೆ ಮಧ್ಯದಲ್ಲಿ ಸಂಪರ್ಕ ಕಡಿದು ಬರೆದದ್ದೆಲ್ಲ ಅಳಿಸಿಹೋಗಬಹುದು. ಮೊದಲು ನೋಟುಬುಕ್ಕಿನಲ್ಲಿ ಬರೆಯಿರಿ, ಆಮೇಲೆ ಮೊಬೈಲಿನಲ್ಲಿ ನಿಮ್ಮದೇ ನಂಬರಿಗೆ ಸಂದೇಶವಾಗಿ ಟೈಪ್ ಮಾಡಿ ಇಟ್ಟುಕೊಳ್ಳಿ, ನೆಟ್‌ವರ್ಕ್ ಸಿಕ್ಕಿದಾಗ ಅದನ್ನು ಪೆಟ್ಟಿಗೆಗೆ ಅಂಟಿಸಿ. ಎಲ್ಲ ಸರಿಯಿದ್ದೂ 'ಸಲ್ಲಿಸು' ಒತ್ತಿದಾಗ ತಪ್ಪು ಎಂದು ತೋರಿಸಿದರೆ, ನಕ್ಷತ್ರ, ಉದ್ಧರಣ ಚಿಹ್ನೆ ಮುಂತಾದ ಗುರುತುಗಳನ್ನು ತೆಗೆದು ನೋಡಿ. ಕೆಲವು ಪೋರ್ಟಲ್‌ಗಳು ಅವನ್ನು ಒಪ್ಪುವುದಿಲ್ಲ. ಪೂರ್ತಿ ಆಧಾರ್ ಸಂಖ್ಯೆಯನ್ನಾಗಲಿ ಖಾತೆ ಸಂಖ್ಯೆಯನ್ನಾಗಲಿ ಪೆಟ್ಟಿಗೆಯಲ್ಲಿ ಬರೆಯಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಓಟಿಪಿಯನ್ನು ಯಾರಿಗೂ ಹೇಳಬೇಡಿ.

1902ಕ್ಕೆ ಫೋನ್ ಮಾಡುವವರಿಗೂ ಇದೇ ಬರಹ ಉಪಯೋಗಕ್ಕೆ ಬರ್ತದೆ. ಆ ಕಡೆ ಕೂತವರು ನೀವು ಹೇಳಿದ್ದನ್ನು ಚಿಕ್ಕದು ಮಾಡಿ ಬರೆದುಕೊಳ್ತಾರೆ. ನೀವೇ ಚಿಕ್ಕದು ಮಾಡಿ ಓದಿ ಹೇಳಿದರೆ ಬಿಟ್ಟುಹೋಗುವುದು ಕಡಿಮೆ.

ದೂರು ದಾಖಲಾದ ಮೇಲೆ ಒಂದು ಸಂಖ್ಯೆ ಸಿಗ್ತದೆ. ಅದನ್ನು ತಾರೀಖಿನ ಜೊತೆ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ, ಕಳಿಸಿದ ಬರಹದ ಪ್ರತಿಯನ್ನೂ ಅಂಟಿಸಿ. 'ವಿಲೇವಾರಿ ಆಗಿದೆ' ಎಂದು ಸಂದೇಶ ಬಂದರೆ ಕೆಲಸ ಆಯಿತು ಎಂದು ತಿಳಿಯಬೇಡಿ, ಉತ್ತರವನ್ನು ತೆರೆದು ಓದಿ. ಹಣವೂ ಬಂದಿಲ್ಲ, ಕಾರಣವೂ ಇಲ್ಲ ಎಂದಾದರೆ ಮತ್ತೆ ಬರೆಯಿರಿ. ಆಗ ಮೊದಲ ಸಾಲಿನಲ್ಲಿ ಹಳೆಯ ದೂರಿನ ಸಂಖ್ಯೆ, ಎರಡನೆಯ ಸಾಲಿನಲ್ಲಿ ಬಂದ ಉತ್ತರ, ಮೂರನೆಯದರಲ್ಲಿ ಅದು ಯಾಕೆ ಸಾಲದು ಎಂಬುದು. ಉಳಿದ ಕಥೆ ಹಳೆಯ ದೂರಿನಲ್ಲೇ ಇದೆ, ಪುನಃ ಬೇಡ.

ಎಲ್ಲ ವಿಷಯಕ್ಕೂ ಈ ದಾರಿ ಅಲ್ಲ. ಕೋರ್ಟಿನಲ್ಲಿರುವ ಜಮೀನಿನ ವ್ಯಾಜ್ಯ, ಮನೆಯೊಳಗಿನ ಪಾಲಿನ ಜಗಳ ಇಂಥವನ್ನು ಇಲ್ಲಿ ಬರೆದು ಫಲವಿಲ್ಲ. ಅಂಚೆ ಕಚೇರಿ, ಭವಿಷ್ಯ ನಿಧಿ ಇವು ಕೇಂದ್ರ ಸರ್ಕಾರದವು, ಅವಕ್ಕೆ pgportal.gov.in ಎಂಬ ಬೇರೆ ಪೋರ್ಟಲ್ ಉಂಟು. ಅಲ್ಲಿಯೂ ಪೆಟ್ಟಿಗೆಯೇ, ಅಲ್ಲಿಯೂ ಬರೆಯುವ ಕ್ರಮ ಇದೇ.

ಮುಂದಿನ ವಾರದ ಸಂಘದ ಸಭೆಗೆ ಬರುವಾಗ ಪಿಂಚಣಿ ನಿಂತವರ ಆದೇಶದ ಪ್ರತಿ, ಎಂಟ್ರಿ ಹಾಕಿಸಿದ ಪಾಸ್‌ಬುಕ್ ತನ್ನಿ. ಬರೆಯಲು ಬಾರದ ಅಜ್ಜಿಯಂದಿರಿಂದ ಕಥೆ ಪೂರ್ತಿ ಕೇಳಿ, ಅವಸರ ಮಾಡಬೇಡಿ. ಅದರೊಳಗಿಂದ ತಾರೀಖು ಮತ್ತು ಸಂಖ್ಯೆ ಹೆಕ್ಕಿ, ಬರೆದದ್ದನ್ನು ಅವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆ ಕಳಿಸಿ.