ಊಟದ ದರ ನಿಗದಿ: ಕೊಡುಗೆ ಮತ್ತು ಸಮತೋಲ ಬಿಂದುವಿನ ಲೆಕ್ಕ

(ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪಂಚಾಯಿತಿಯ ಮಳಿಗೆಗಳಿಗೆ ಬಾಡಿಗೆ ನಿಗದಿಪಡಿಸುವವರು ತಾವು. ಸಂಜೀವಿನಿ ಒಕ್ಕೂಟದ ಮಹಿಳೆಯರು ಖಾನಾವಳಿ ತೆರೆಯಲು ಸಾಲ ಕೇಳಿದಾಗ ಮೊದಲು ಅಭಿಪ್ರಾಯ ಕೇಳುವುದೂ ತಮ್ಮನ್ನೇ. ಹೆದ್ದಾರಿಯ ಬದಿಯಲ್ಲಿ ತೆರೆದ ಸಣ್ಣ ಹೋಟೆಲು ಗಿರಾಕಿಗಳಿಂದ ತುಂಬಿದ್ದರೂ ಕೆಲವು ತಿಂಗಳಲ್ಲಿ ಬಾಗಿಲು ಮುಚ್ಚುವುದನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ವ್ಯಾಪಾರ ಇತ್ತಲ್ಲ, ಮುಚ್ಚಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಊಟದ ದರದಲ್ಲಿ ಅಡಗಿರುತ್ತದೆ. ಆ ದರವನ್ನು ಪರೀಕ್ಷಿಸುವ ಒಂದು ಲೆಕ್ಕವನ್ನು ಇಂದು ತಮ್ಮ ಮುಂದೆ ಇಡುತ್ತೇನೆ.

ಎರಡು ಬಗೆಯ ವೆಚ್ಚ

ಅವರ್ಸಾದಂತಹ ಒಂದು ಊರಿನಲ್ಲಿ ಪಂಚಾಯಿತಿ ಮಳಿಗೆಯನ್ನು ಬಾಡಿಗೆಗೆ ಪಡೆದು ಮಧ್ಯಾಹ್ನದ ಮೀನೂಟ ಬಡಿಸುವ ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ. ತಮ್ಮ ಊರಿನ ದರಗಳನ್ನು ಇಟ್ಟು ಇದೇ ಲೆಕ್ಕವನ್ನು ಮಾಡಬಹುದು.

ಆಕೆಯ ವೆಚ್ಚದಲ್ಲಿ ಎರಡು ಬಗೆ. ಒಂದು, ಗಿರಾಕಿ ಬಂದರೂ ಬಾರದಿದ್ದರೂ ತಿಂಗಳ ಕೊನೆಗೆ ಕೊಡಲೇಬೇಕಾದದ್ದು. ಇದು ಸ್ಥಿರ ವೆಚ್ಚ. ಮಳಿಗೆ ಬಾಡಿಗೆ 6,000 ರೂಪಾಯಿ, ಅಡುಗೆಯವರ ಸಂಬಳ 15,000, ಸಹಾಯಕಿಯ ಸಂಬಳ 10,000, ವಿದ್ಯುತ್ ಮತ್ತು ನೀರು 2,500, ಸಾಲದ ಕಂತು 4,500, ದುರಸ್ತಿ, ಪರವಾನಗಿ, ಪಾತ್ರೆ ಇತ್ಯಾದಿಗೆ 2,000. ಒಟ್ಟು 40,000. ಕಂತಿನಲ್ಲಿ ಅಸಲಿನ ಭಾಗವನ್ನು ಲೆಕ್ಕಶಾಸ್ತ್ರವು ವೆಚ್ಚವೆಂದು ಒಪ್ಪುವುದಿಲ್ಲ. ಆದರೆ ಕೈಯಿಂದ ಹಣ ಹೋಗುವುದು ನಿಜವಾದ್ದರಿಂದ ಸಣ್ಣ ವ್ಯಾಪಾರಿಯು ಅದನ್ನು ಸೇರಿಸಿಕೊಳ್ಳುವುದೇ ಕ್ಷೇಮ.

ಎರಡನೆಯದು, ಪ್ರತಿಯೊಂದು ಊಟದೊಡನೆ ಏರುವ ವೆಚ್ಚ. ಇದನ್ನು ಚರ ವೆಚ್ಚ ಎನ್ನುತ್ತಾರೆ. ಒಂದು ಊಟಕ್ಕೆ ಬಂಗಡೆ 38 ರೂಪಾಯಿ, ಅಕ್ಕಿ 12, ತೆಂಗಿನಕಾಯಿ ಮತ್ತು ಮಸಾಲೆ 12, ಎಣ್ಣೆ 5, ಗ್ಯಾಸ್ 5, ಪಲ್ಯ, ಸೋಲ್‌ಕಡಿ ಮುಂತಾದವಕ್ಕೆ 8. ಒಟ್ಟು 80 ರೂಪಾಯಿ.

ಕೊಡುಗೆ ಎಂದರೇನು

ಆಕೆ ಊಟಕ್ಕೆ 120 ರೂಪಾಯಿ ಪಡೆಯುತ್ತಾಳೆ. ಅದರಿಂದ ಆ ಊಟದ ಚರ ವೆಚ್ಚವಾದ 80 ಕಳೆದರೆ 40 ರೂಪಾಯಿ ಉಳಿಯುತ್ತದೆ. ಈ 40 ರೂಪಾಯಿ ಲಾಭವಲ್ಲ. ಬಾಡಿಗೆ, ಸಂಬಳ, ಕಂತುಗಳನ್ನು ತೀರಿಸಲು ಆ ಒಂದು ಊಟ ನೀಡುವ ಪಾಲು ಅಷ್ಟೇ. ಆದ್ದರಿಂದ ಇದಕ್ಕೆ ಕೊಡುಗೆ ಎಂದು ಹೆಸರು. ಬ್ಯಾಂಕಿನವರು ಇದನ್ನೇ ಕಾಂಟ್ರಿಬ್ಯೂಷನ್ ಮಾರ್ಜಿನ್ ಎನ್ನುತ್ತಾರೆ.

ತಿಂಗಳ ಸ್ಥಿರ ವೆಚ್ಚ 40,000 ತೀರಬೇಕಾದರೆ ತಲಾ 40 ರೂಪಾಯಿ ಕೊಡುಗೆಯ 1,000 ಊಟ ಮಾರಾಟವಾಗಬೇಕು. ತಿಂಗಳಿಗೆ 25 ದಿನ ವ್ಯಾಪಾರವೆಂದರೆ ದಿನಕ್ಕೆ 40 ಊಟ. ಅಲ್ಲಿಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಇದೇ ಸಮತೋಲ ಬಿಂದು, ಅಂದರೆ ಬ್ರೇಕ್ ಈವನ್ ಪಾಯಿಂಟ್.

ಈಗ ಆಕೆ ದಿನಕ್ಕೆ 45 ಊಟ ಮಾರುತ್ತಿದ್ದಾಳೆ ಎನ್ನೋಣ. ಬಿಂದುವನ್ನು ದಾಟಿದ್ದಾಳೆ, ಕ್ಷೇಮವಾಗಿದ್ದಾಳೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಸ್ಥಿರ ವೆಚ್ಚದ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ. ಅದು ಹೋಟೆಲಿನ ಒಡತಿಯದೇ. ಬೆಳಗಿನ ಮೀನು ಖರೀದಿಯಿಂದ ಸಂಜೆ ಪಾತ್ರೆ ತೊಳೆಯುವವರೆಗೆ ದುಡಿಯುವ ಆಕೆಗೆ 45 ಊಟಗಳ ಕೊಡುಗೆಯಿಂದ ತಿಂಗಳಿಗೆ ಉಳಿಯುವುದು 5,000 ರೂಪಾಯಿ, ಅಂದರೆ ದಿನಕ್ಕೆ 200. ಆಕೆಯ ದುಡಿಮೆಗೆ ತಿಂಗಳಿಗೆ 12,000 ಎಂದು ಸೇರಿಸಿದರೆ ಸ್ಥಿರ ವೆಚ್ಚ 52,000 ಆಗುತ್ತದೆ. ಸಮತೋಲ ಬಿಂದು ತಿಂಗಳಿಗೆ 1,300, ದಿನಕ್ಕೆ 52 ಊಟಕ್ಕೆ ಏರುತ್ತದೆ.

ಕುರ್ಚಿಗಳನ್ನು ಎಣಿಸಿ

ಈ 52 ಊಟ ಸಾಧ್ಯವೇ? ಮಳಿಗೆಯಲ್ಲಿ 16 ಕುರ್ಚಿಗಳಿವೆ. ಊಟದ ಗಿರಾಕಿಗಳು ಬರುವುದು ಹನ್ನೆರಡೂವರೆಯಿಂದ ಮೂರು ಗಂಟೆಯೊಳಗೆ. ಆ ಅವಧಿಯಲ್ಲಿ ಒಂದು ಕುರ್ಚಿ ಮೂರು ಬಾರಿ ತುಂಬಿದರೆ ಅದೇ ಹೆಚ್ಚು. ಹದಿನಾರು ಮೂರಲಿ 48. ಅಂದರೆ ಹೋಟೆಲು ಪ್ರತಿದಿನ ಪೂರ್ತಿ ತುಂಬಿದರೂ 120 ರೂಪಾಯಿ ದರದಲ್ಲಿ ಆಕೆಯ ದುಡಿಮೆಗೆ ಪೂರ್ಣ ಕೂಲಿ ಹುಟ್ಟುವುದಿಲ್ಲ. ಗಿರಾಕಿಗಳಿದ್ದೂ ಹೋಟೆಲು ಮುಚ್ಚುವುದರ ಗುಟ್ಟು ಇಲ್ಲಿದೆ. ಯೋಜನಾ ವರದಿಗಳಲ್ಲಿ ಸಮತೋಲ ಬಿಂದುವನ್ನು ಬರೆದಿರುತ್ತಾರೆ, ಆದರೆ ಅದನ್ನು ಕುರ್ಚಿಗಳ ಸಂಖ್ಯೆಯೊಡನೆ ಹೋಲಿಸುವುದಿಲ್ಲ. ಸಾಲದ ಅರ್ಜಿ ತಮ್ಮ ಮುಂದೆ ಬಂದಾಗ ಮೊದಲು ಈ ಹೋಲಿಕೆಯನ್ನು ಮಾಡಿರಿ.

ಹತ್ತು ರೂಪಾಯಿ ಇಳಿಸಬೇಕೆ, ಏರಿಸಬೇಕೆ

ಆದಾಯ ಸಾಲದಾದಾಗ ಹೆಚ್ಚಿನವರಿಗೆ ಮೊದಲು ತೋಚುವ ಉಪಾಯ ದರ ಇಳಿಸುವುದು. 110 ರೂಪಾಯಿ ಮಾಡಿದರೆ ಜನ ಹೆಚ್ಚು ಬರುತ್ತಾರೆ ಎಂಬ ನಂಬಿಕೆ. ದರದಲ್ಲಿ ಇಳಿದದ್ದು ಹನ್ನೆರಡರಲ್ಲಿ ಒಂದು ಪಾಲು. ಆದರೆ ಕೊಡುಗೆ 40ರಿಂದ 30ಕ್ಕೆ, ಅಂದರೆ ನಾಲ್ಕರಲ್ಲಿ ಒಂದು ಪಾಲು ಇಳಿಯಿತು. ಈಗಿನ 45 ಊಟದಿಂದ ಬರುತ್ತಿರುವ ಹಣವೇ ಬರಬೇಕಾದರೂ ಇನ್ನು ದಿನಕ್ಕೆ 60 ಊಟ ಮಾರಬೇಕು. ಇರುವುದು 48 ಊಟಕ್ಕೆ ಸ್ಥಳ. ಈ ಉಪಾಯ ಮೊದಲ ದಿನವೇ ಸೋತಂತೆ.

ದರವನ್ನು 130ಕ್ಕೆ ಏರಿಸಿದರೆ ಕೊಡುಗೆ 50 ಆಗುತ್ತದೆ. ಆಕೆಯ ಕೂಲಿ ಸೇರಿದ 52,000ಕ್ಕೆ ತಿಂಗಳಿಗೆ 1,040 ಊಟ, ದಿನಕ್ಕೆ ಸುಮಾರು 42 ಊಟ ಸಾಕು. ಇದು ಕುರ್ಚಿಗಳ ಮಿತಿಯೊಳಗಿದೆ. ಕೆಲವು ಗಿರಾಕಿಗಳು ದೂರವಾಗುವರೆಂಬ ಭಯ ಸಹಜ. ಆ ಭಯಕ್ಕೂ ಅಳತೆಯಿದೆ. ದಿನಕ್ಕೆ 36 ಊಟ ಮಾರಿದರೂ ಈಗಿನಷ್ಟೇ ಕೊಡುಗೆ ಬರುತ್ತದೆ. ಅಂದರೆ 45 ಗಿರಾಕಿಗಳಲ್ಲಿ 9 ಜನ ಬಿಟ್ಟುಹೋಗುವವರೆಗೆ ಆಕೆಗೆ ಹಾನಿಯಿಲ್ಲ. ಅದಕ್ಕಿಂತ ಹೆಚ್ಚು ಜನ ಬಿಟ್ಟರೆ ಏರಿಕೆ ತಪ್ಪಾಯಿತೆಂದು ತಿಳಿಯಬೇಕು. ಒಂದು ತಿಂಗಳು ಎಣಿಸಿದರೆ ಇದು ಗೊತ್ತಾಗುತ್ತದೆ.

ಪಕ್ಕದ ಹೋಟೆಲಿನಲ್ಲಿ 110 ರೂಪಾಯಿಗೆ ಕೊಡುತ್ತಾರಲ್ಲ ಎಂಬ ಮಾತು ಬರುತ್ತದೆ. ಪಕ್ಕದವರ ಕಟ್ಟಡ ಸ್ವಂತದ್ದಿರಬಹುದು, ಅಡುಗೆ ಮನೆಯವರೇ ಮಾಡುತ್ತಿರಬಹುದು, ಸಾಲವೇ ಇಲ್ಲದಿರಬಹುದು. ಅವರ ಸ್ಥಿರ ವೆಚ್ಚ ಬೇರೆ, ಸಮತೋಲ ಬಿಂದುವೂ ಬೇರೆ. ಅವರ ದರವನ್ನು ನಕಲು ಮಾಡಬಹುದು, ಅವರ ಲೆಕ್ಕವನ್ನು ನಕಲು ಮಾಡಲಾಗದು.

ಉಳಿದ ಮೀನಿನ ಲೆಕ್ಕ

ಕಾಗದದ ಮೇಲಿನ 50 ರೂಪಾಯಿ ಕೊಡುಗೆ ಅಡುಗೆಮನೆಯಲ್ಲಿ ಕರಗಿಹೋಗುವುದೂ ಉಂಟು. ಬೆಳಿಗ್ಗೆ 45 ಊಟಕ್ಕೆ ಮೀನು ತಂದು 36 ಮಾತ್ರ ಮಾರಾಟವಾದರೆ, 45 ಊಟದ ಮೀನಿನ ಬೆಲೆಯನ್ನು 36 ಊಟಗಳೇ ಹೊರಬೇಕು. ಆಗ ಒಂದು ಊಟದ ಮೀನಿನ ವೆಚ್ಚ 38 ಅಲ್ಲ, 47 ರೂಪಾಯಿ 50 ಪೈಸೆ. ಕೊಡುಗೆ ಒಂಬತ್ತೂವರೆ ರೂಪಾಯಿ ಇಳಿಯುತ್ತದೆ. ಸಮತೋಲ ಬಿಂದು 42ರಿಂದ ಮತ್ತೆ 52ಕ್ಕೆ ಜಿಗಿಯುತ್ತದೆ. ದರ ಏರಿಸಿ ಗಳಿಸಿದ್ದೆಲ್ಲ ಹೋದಂತಾಯಿತು.

ಇದನ್ನು ಕಂಡುಹಿಡಿಯಲು ಒಂದು ಪುಸ್ತಕ ಸಾಕು. ದಿನವೂ ಮೂರು ಅಂಕಿ ಬರೆಯಬೇಕು: ತಂದ ಮೀನು ಎಷ್ಟು ಊಟಕ್ಕೆ, ಮಾರಾಟವಾದ ಊಟ ಎಷ್ಟು, ಮನೆಯವರು ಮತ್ತು ಕೆಲಸದವರು ಉಂಡದ್ದು ಎಷ್ಟು.

ಮೀನುಗಾರಿಕೆ ನಿಷೇಧದ ಎರಡು ತಿಂಗಳು

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಾಡದೋಣಿಯ ಮೀನು ಮತ್ತು ಹೊರಗಿನಿಂದ ಬರುವ ಮಂಜುಗಡ್ಡೆಯ ಮೀನಿನ ಮೇಲೆ ಪೇಟೆ ನಡೆಯುತ್ತದೆ, ಬೆಲೆ ಏರುತ್ತದೆ. ಊಟಕ್ಕೆ ಮೀನಿನ ವೆಚ್ಚ 20 ರೂಪಾಯಿ ಏರಿತೆನ್ನಿ. 130ರ ದರದಲ್ಲಿ ಕೊಡುಗೆ 30ಕ್ಕೆ ಇಳಿದು, ದಿನಕ್ಕೆ 70 ಊಟ ಮಾರಬೇಕಾಗುತ್ತದೆ. ಮಳೆಗಾಲದಲ್ಲಿ ಪ್ರವಾಸಿಗರೂ ಕಡಿಮೆ. ದರವನ್ನು 150ಕ್ಕೆ ಏರಿಸಿದರೆ ನಿತ್ಯದ ಗಿರಾಕಿಗೆ ಹೊರೆ.

ಇಲ್ಲಿ ಇನ್ನೊಂದು ದಾರಿಯಿದೆ. ಮೊಟ್ಟೆ ಸಾರು ಇಲ್ಲವೇ ಒಣಮೀನಿನ ಊಟವನ್ನು 60 ರೂಪಾಯಿ ವೆಚ್ಚದಲ್ಲಿ ಸಿದ್ಧಪಡಿಸಿ 110ಕ್ಕೆ ಕೊಟ್ಟರೆ ಕೊಡುಗೆ ಮತ್ತೆ 50. ಗಿರಾಕಿ ಕೊಡುವುದು ಕಡಿಮೆ, ಒಡತಿಗೆ ಉಳಿಯುವುದು ಮೊದಲಿನಷ್ಟೇ. ಯಾವ ಊಟ ಲಾಭದಾಯಕವೆಂಬುದನ್ನು ದರಪಟ್ಟಿಯ ದೊಡ್ಡ ಅಂಕಿ ಹೇಳುವುದಿಲ್ಲ, ಕೊಡುಗೆ ಹೇಳುತ್ತದೆ.

ವ್ಯಾಪಾರ ತೀರ ಕುಸಿದಾಗ ಮುಚ್ಚುವುದು ಮೇಲೇ? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ನಿಂತಿತು. ಅಂತಹ ಸಮಯದಲ್ಲಿ ಹೆದ್ದಾರಿಯನ್ನೇ ನಂಬಿದ ಹೋಟೆಲಿಗೆ ಗಿರಾಕಿ ನಿಲ್ಲುತ್ತಾನೆ, ಬಾಡಿಗೆ ಮತ್ತು ಕಂತು ನಿಲ್ಲುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಬಾಗಿಲು ಮುಚ್ಚಿದರೆ ಉಳಿಯುವುದು ಸಹಾಯಕಿಯ ಸಂಬಳ, ವಿದ್ಯುತ್, ದುರಸ್ತಿ ಸೇರಿ 14,500 ಮಾತ್ರ. ಅಡುಗೆಯವರನ್ನು ಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಆದ್ದರಿಂದ ದಿನಕ್ಕೆ 12 ಊಟ ಮಾರಾಟವಾಗುವವರೆಗೆ, ನಷ್ಟವಿದ್ದರೂ, ತೆರೆದಿಡುವುದರಲ್ಲಿ ನಷ್ಟ ಕಡಿಮೆ. ಅದಕ್ಕಿಂತ ಇಳಿದರೆ, ಅಥವಾ ಒಡತಿಗೆ ಆ ತಿಂಗಳು ಬೇರೆ ಕೆಲಸ ದೊರೆಯುವಂತಿದ್ದರೆ, ಮುಚ್ಚುವುದು ಸರಿ.

ಬಾಡಿಗೆಯ ನಿರ್ಣಯ

ಕೊನೆಯದಾಗಿ, ತಮ್ಮ ಕೈಯಲ್ಲಿರುವ ವಿಷಯ. ಮಳಿಗೆಯ ಬಾಡಿಗೆಯನ್ನು 6,000ದಿಂದ 8,000ಕ್ಕೆ ಏರಿಸುವ ಠರಾವು ಸಭೆಯ ಮುಂದೆ ಬಂದರೆ, ಆ 2,000ವನ್ನು ಊಟಗಳಾಗಿ ಪರಿವರ್ತಿಸಿ ನೋಡಿರಿ. 50 ರೂಪಾಯಿ ಕೊಡುಗೆಯಲ್ಲಿ ಅದು ತಿಂಗಳಿಗೆ 40 ಹೆಚ್ಚಿನ ಊಟ. ಸಮತೋಲ ಬಿಂದು ದಿನಕ್ಕೆ 42ರಿಂದ ಸುಮಾರು 43ಕ್ಕೆ ಸರಿಯುತ್ತದೆ. ಚಳಿಗಾಲದಲ್ಲಿ 48 ಊಟಗಳ ಮಿತಿಯೊಳಗೆ ಇದು ಹೊರಬಹುದಾದ ಹೊರೆ. ದಿನಕ್ಕೆ 25 ಊಟವೂ ಸಾಗದ ಜುಲೈನಲ್ಲಿ ಅದು ಆಕೆಯ ಕೂಲಿಯಿಂದಲೇ ಹೋಗುತ್ತದೆ. ವರ್ಷದ ಬಾಡಿಗೆಯ ಮೊತ್ತವನ್ನು ಬದಲಿಸದೆ ನಿಷೇಧದ ಎರಡು ತಿಂಗಳ ಕಂತನ್ನು ಕಡಿಮೆ ಮಾಡಿ, ಉಳಿದದ್ದನ್ನು ಡಿಸೆಂಬರ್ ಮತ್ತು ಜನವರಿಗೆ ಹಂಚಬಹುದೇ ಎಂದು ನಿಯಮಗಳ ಚೌಕಟ್ಟಿನಲ್ಲಿ ಪರಿಶೀಲಿಸಬಹುದು. ಪಂಚಾಯಿತಿಗೆ ಆದಾಯ ನಷ್ಟವಿಲ್ಲ, ಮಳಿಗೆ ಖಾಲಿ ಬೀಳುವ ಸಂಭವ ಕಡಿಮೆ.